ಇನ್ವರ್ಟರ್ ಕಂಪ್ರೆಸರ್: ಉಳಿತಾಯದ ಮೂಲ ಎಲ್ಲಿದೆ?

ಕಮರ್ಷಿಯಲ್ ಸ್ಟ್ರೀಟಿನ ಜವಳಿ ಅಂಗಡಿಯಿರಲಿ, ಇಂದಿರಾನಗರದ ನೂರಡಿ ರಸ್ತೆಯ ಕಚೇರಿಯಿರಲಿ, ಎ.ಸಿ. ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇನ್ವರ್ಟರ್ ಬೇಕೋ, ಸಾಮಾನ್ಯದ್ದು ಸಾಕೋ ಎಂಬುದು. ವಿದ್ಯುತ್ ಹೋದಾಗ ದೀಪ ಉರಿಸುವ ಬ್ಯಾಟರಿ ಸಾಧನಕ್ಕೂ ನಗರದಲ್ಲಿ ಇದೇ ಹೆಸರಿರುವುದರಿಂದ ಗೊಂದಲ ಸಹಜ. ಇನ್ವರ್ಟರ್ ಎ.ಸಿ.ಯಲ್ಲಿ ಬ್ಯಾಟರಿ ಇರುವುದಿಲ್ಲ. ವಿದ್ಯುತ್ ಹೋದರೆ ಅದೂ ನಿಲ್ಲುತ್ತದೆ.

ಸಾಮಾನ್ಯ ಕಂಪ್ರೆಸರಿನ ಮೋಟಾರು ಸರಬರಾಜಾಗುವ ವಿದ್ಯುತ್ತಿನ 50 ಹರ್ಟ್ಸ್ ಆವರ್ತನಕ್ಕೆ ಕಟ್ಟುಬಿದ್ದು, ನಿಮಿಷಕ್ಕೆ ಸುಮಾರು 2,900 ಸುತ್ತುಗಳ ಒಂದೇ ವೇಗದಲ್ಲಿ ತಿರುಗುತ್ತದೆ. ಕೋಣೆ ತಂಪಾದೊಡನೆ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ, ಬಿಸಿಯೇರಿದಾಗ ಮತ್ತೆ ಪೂರ್ಣ ವೇಗದಲ್ಲಿ ಹೊರಡಿಸುತ್ತದೆ. ಇನ್ವರ್ಟರ್ ಯಂತ್ರದಲ್ಲಾದರೋ, ಒಳಬರುವ ವಿದ್ಯುತ್ತನ್ನು ಮೊದಲು ಏಕಮುಖ ಪ್ರವಾಹವಾಗಿಸಿ, ಬಳಿಕ ಬೇಕಾದ ಆವರ್ತನದ ಪ್ರವಾಹವಾಗಿ ಪುನಃ ರೂಪಿಸುವ ಎಲೆಕ್ಟ್ರಾನಿಕ್ ಫಲಕವಿರುತ್ತದೆ. ಆವರ್ತನ ತಗ್ಗಿಸಿದರೆ ಕಂಪ್ರೆಸರು ನಿಧಾನವಾಗುತ್ತದೆ. ಜಪಾನಿನ ತೋಶಿಬಾ ಸಂಸ್ಥೆ 1980ರ ದಶಕದ ಆರಂಭದಲ್ಲೇ ಇಂಥ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತ್ತು.

ಪದೇ ಪದೇ ಚಾಲೂ ಆಗುವಾಗಿನ ಭಾರಿ ಪ್ರವಾಹ ತಪ್ಪುವುದರಿಂದಲೇ ವಿದ್ಯುತ್ ಉಳಿಯುತ್ತದೆಂಬ ನಂಬಿಕೆ ಮಾರಾಟಗಾರರಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯವೂ ಅಲ್ಲ. ಆ ಪ್ರವಾಹ ಹಲವು ಪಟ್ಟು ಹೆಚ್ಚಿದ್ದರೂ ಸೆಕೆಂಡಿನ ಒಂದು ಅಂಶ ಮಾತ್ರ ಇರುತ್ತದೆ; ಮೀಟರಿನಲ್ಲಿ ಅದರ ಲೆಕ್ಕ ಅತ್ಯಲ್ಪ. ನಿಜವಾದ ಕಾರಣ ಬೇರೆ.

ಕಂಪ್ರೆಸರಿನ ಕೆಲಸ ಬಾವಿಯಿಂದ ನೀರು ಸೇದಿದಂತೆ. ಕೊಡವೊಂದಕ್ಕೆ ಬೇಕಾಗುವ ಶ್ರಮ ಬಾವಿಯ ಆಳವನ್ನು ಅವಲಂಬಿಸಿದೆ. ಇಲ್ಲಿ ಆಳವೆಂದರೆ ಒಳಗಿನ ತಂಪು ಸುರುಳಿಗೂ ಹೊರಗಿನ ಬಿಸಿ ಸುರುಳಿಗೂ ಇರುವ ಉಷ್ಣತೆಯ ಅಂತರ. ಹೊರಗೆ 30 ಡಿಗ್ರಿ ಇರುವಾಗ ಪೂರ್ಣ ವೇಗದಲ್ಲಿ ಹೊರಸುರುಳಿ ಸುಮಾರು 45 ಡಿಗ್ರಿಗೆ ಏರುತ್ತದೆ, ಒಳಸುರುಳಿ ಸುಮಾರು 10ಕ್ಕೆ ಇಳಿಯುತ್ತದೆ. ವೇಗ ಅರ್ಧವಾದಾಗ ಅದೇ ಅಗಲದ ಸುರುಳಿಗಳು ಅರ್ಧದಷ್ಟೇ ಉಷ್ಣವನ್ನು ಸಾಗಿಸಿದರೆ ಸಾಕು. ಆದ್ದರಿಂದ ಹೊರಸುರುಳಿ 38ರ ಆಸುಪಾಸಿನಲ್ಲೂ ಒಳಸುರುಳಿ 15ರ ಹತ್ತಿರವೂ ನಿಲ್ಲುತ್ತವೆ. 35 ಡಿಗ್ರಿಗಳ ಆಳ 23ಕ್ಕೆ ಇಳಿದಂತಾಯಿತು. ಸಾಮಾನ್ಯ ಕಂಪ್ರೆಸರು ಓಡುವುದು ಅರ್ಧ ಹೊತ್ತೇ ಆದರೂ, ಓಡಿದಷ್ಟು ಹೊತ್ತೂ ಪೂರ್ಣ ಆಳದಿಂದಲೇ ಸೇದುತ್ತಿರುತ್ತದೆ. ನಿಂತಾಗ ಎರಡು ಬದಿಯ ಒತ್ತಡಗಳು ಸಮವಾಗಿಬಿಡುವುದರಿಂದ, ಪ್ರತಿ ಸಲವೂ ಆ ಅಂತರವನ್ನು ಹೊಸದಾಗಿ ಕಟ್ಟಬೇಕು.

ಒಂದೂವರೆ ಟನ್ನಿನ ಯಂತ್ರವಿರುವ ಶಿವಾಜಿನಗರದ ಅಂಗಡಿಯೊಂದನ್ನು ಲೆಕ್ಕಕ್ಕೆಂದು ಊಹಿಸಿಕೊಳ್ಳಬಹುದು. ಪೂರ್ಣ ವೇಗದಲ್ಲಿ ಸಾಮಾನ್ಯ ಯಂತ್ರ ಸುಮಾರು 1.6 ಕಿಲೋವ್ಯಾಟ್ ಎಳೆಯುತ್ತದೆಂದಿರಲಿ. ಅರ್ಧ ಭಾರದ ದಿನ ಅದು ಅರ್ಧ ಹೊತ್ತು ಓಡಿದರೂ, ನಿಂತು ಹೊರಡುವ ನಷ್ಟ ಸೇರಿ, ಹತ್ತು ಗಂಟೆಗೆ ಸುಮಾರು 8.5 ಯೂನಿಟ್ ಆಗುತ್ತದೆ. ಇನ್ವರ್ಟರ್ ಯಂತ್ರ ಸುಮಾರು 0.55 ಕಿಲೋವ್ಯಾಟಿನಲ್ಲಿ ಎಡೆಬಿಡದೆ ಓಡಿ 5.5 ಯೂನಿಟ್ಟಿನಲ್ಲಿ ಅದೇ ತಂಪು ನೀಡುತ್ತದೆ. ಆದರೆ ಗಿರಾಕಿಗಳಿಗಾಗಿ ಬಾಗಿಲು ಸದಾ ತೆರೆದಿಟ್ಟ ಅಂಗಡಿಯಲ್ಲಿ ಎರಡೂ ದಿನವಿಡೀ ಪೂರ್ಣ ವೇಗದಲ್ಲೇ ಓಡುತ್ತವೆ. ಅಲ್ಲಿ ಹೆಚ್ಚು ಬೆಲೆ ತೆತ್ತು ಗಳಿಸುವುದು ಅಲ್ಪ. ಎಲೆಕ್ಟ್ರಾನಿಕ್ ಫಲಕವೂ ಸ್ವಲ್ಪ ವಿದ್ಯುತ್ ತಿನ್ನುತ್ತದೆಂಬುದನ್ನು ಮರೆಯಲಾಗದು.

ಬೆಂಗಳೂರಿನ ಹವೆ ಈ ವಿಷಯದಲ್ಲಿ ಅನುಕೂಲಕರ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಿಂದ ಎರಡೂ ಬಗೆಯ ಯಂತ್ರಗಳಿಗೆ ನಕ್ಷತ್ರ ಅಂಕ ನೀಡುವಾಗ 24ರಿಂದ 43 ಡಿಗ್ರಿವರೆಗಿನ ಹೊರ ಉಷ್ಣತೆಯನ್ನು ಗಣನೆಗೆ ತೆಗೆದುಕೊಂಡಿದೆ. ದಂಡುಪ್ರದೇಶದಲ್ಲಿ 40 ಡಿಗ್ರಿಯ ದಿನಗಳಿಲ್ಲವೆಂದರೂ ಸರಿಯೇ. ಯಂತ್ರ ಬಹುಪಾಲು ಅರೆಭಾರದಲ್ಲೇ ಇರುತ್ತದೆ. ಇದರಲ್ಲೊಂದು ಬಲೆಯೂ ಇದೆ. ಕಂಪ್ರೆಸರಿನ ವೇಗ ಒಂದು ಮಿತಿಗಿಂತ ಕೆಳಗಿಳಿಯದು. ಹಲಸೂರಿನ ಪುಟ್ಟ ಕೋಣೆಗೆ 'ಇರಲಿ' ಎಂದು ಎರಡು ಟನ್ನಿನದನ್ನು ಕೂಡಿಸಿದರೆ, ತಂಪು ಸಂಜೆಗಳಲ್ಲಿ ಅದೂ ನಿಂತು ಹೊರಡುವ ಹಳೆಯ ಚಾಳಿಗೇ ಮರಳುತ್ತದೆ.

ಕೆ.ಆರ್. ಪುರದ ಕಡೆ ಸಣ್ಣ ಕೈಗಾರಿಕೆ ನಡೆಸುವವರು ವೆಲ್ಡಿಂಗ್‌ನಂಥ ಭಾರಿ ಯಂತ್ರಗಳ ತಂತಿಯಲ್ಲೇ ಕಚೇರಿಯ ಎ.ಸಿ.ಯನ್ನೂ ಜೋಡಿಸದಿರುವುದು ಒಳಿತು. ವೋಲ್ಟೇಜಿನ ಏರಿಳಿತಕ್ಕೆ ಮೊದಲು ಬಲಿಯಾಗುವುದು ಎಲೆಕ್ಟ್ರಾನಿಕ್ ಫಲಕ. ಅದನ್ನು ಬದಲಿಸುವ ವೆಚ್ಚ ಹಲವು ತಿಂಗಳ ಉಳಿತಾಯವನ್ನು ನುಂಗಬಲ್ಲದು. ಖರೀದಿಗೆ ಮುನ್ನ ಫಲಕದ ವಾರಂಟಿ ಎಷ್ಟು ವರ್ಷವೆಂದು ಪ್ರತ್ಯೇಕವಾಗಿ ಕೇಳತಕ್ಕದ್ದು, ಏಕೆಂದರೆ ದೊಡ್ಡಕ್ಷರದಲ್ಲಿ ಮುದ್ರಿತವಾಗಿರುವುದು ಹೆಚ್ಚಾಗಿ ಕಂಪ್ರೆಸರಿನ ವಾರಂಟಿ.

ಉಳಿತಾಯ ಆಗುತ್ತಿದೆಯೇ ಎಂದು ತಿಳಿಯಲು ಎಲೆಕ್ಟ್ರಿಷಿಯನ್ ಬಳಿಯ ಕ್ಲ್ಯಾಂಪ್ ಮೀಟರ್ ಸಾಕು. ಬಾಗಿಲು ಮುಚ್ಚಿ, 24 ಡಿಗ್ರಿಗೆ ಇಟ್ಟು, ಚಾಲೂ ಮಾಡಿದಾಗ 7 ಆಂಪಿಯರ್ ಇದ್ದದ್ದು ಒಂದು ಗಂಟೆಯೊಳಗೆ 2 ಅಥವಾ 3ಕ್ಕೆ ಇಳಿಯಬೇಕು. 7ರಲ್ಲೇ ನಿಂತಿದ್ದರೆ ಫಿಲ್ಟರ್ ಕಟ್ಟಿಕೊಂಡಿರಬಹುದು, ಅನಿಲ ಸೋರಿರಬಹುದು, ಇಲ್ಲವೇ ಕೋಣೆಗೆ ಯಂತ್ರ ಚಿಕ್ಕದಾಗಿರಬಹುದು.