ಏಪ್ರಿಲ್‌ಗೆ ಹೊಂದದ ಸೆಪ್ಟೆಂಬರ್

ಘಾಟ್ಕೋಪರ್ ಪೂರ್ವದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕುಳಿತಿದ್ದಾಗ ಬೈಂದೂರು ಕಡೆಯ ಹುಡುಗನೊಬ್ಬ ಫೈಲು ಹಿಡಿದು ಬಂದ. 24 ಕುರ್ಚಿಯ ಉಡುಪಿ ಹೋಟೆಲು ತೆರೆಯಲು 12 ಲಕ್ಷ ಸಾಲ ಬೇಕಿತ್ತು. ಫೈಲಿನ ಹಣಕಾಸು ಪುಟದಲ್ಲಿ ಒಂದೇ ಉದ್ದನೆಯ ಪ್ಯಾರಾ: ದಿನಕ್ಕೆ 250 ಗಿರಾಕಿ, ತಲೆಗೆ 80 ರೂಪಾಯಿ, ವರ್ಷಕ್ಕೆ 72 ಲಕ್ಷ ವ್ಯಾಪಾರ, ಆಮೇಲೆ ವರ್ಷವರ್ಷವೂ ಶೇ 10 ಏರಿಕೆ.

ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಾ ಅಂಗಡಿಗೆ ಬರುವ ಏಜೆಂಟನಿಗೆ ಗಲ್ಲಾ ಹೇಗಿದೆಯೆಂದು ಕಣ್ಣಿಗೇ ಕಾಣುತ್ತಿದ್ದಿರಬೇಕು. ಇನ್ನೂ ತೆರೆಯದ ಹೋಟೆಲಿಗೆ ಆ ಸೌಲಭ್ಯವಿಲ್ಲ. ಬ್ಯಾಂಕಿನವರು ನೋಡುವುದು ಕೋಷ್ಟಕವನ್ನೇ.

ಲೆಕ್ಕಪರಿಶೋಧಕರು ಪೆನ್ಸಿಲ್ ತೆಗೆದು ಪ್ಯಾರಾದ ಪ್ರತಿ ಅಂಕಿಗೂ ಸುತ್ತು ಹಾಕಿದರು. ಸುತ್ತು ಬಿದ್ದದ್ದೆಲ್ಲ ‘ಊಹೆಗಳು’ ಎಂಬ ಹಾಳೆಗೆ ಹೋಯಿತು. ಅಲ್ಲಿ ಒಂದು ಸಾಲಿಗೆ ಒಂದೇ ಅಂಕಿ, ಪಕ್ಕದಲ್ಲಿ ಅದರ ಅಳತೆ, ಕೊನೆಯಲ್ಲಿ ‘ಆಧಾರ’ ಎಂಬ ಕಾಲಂ. 72 ಲಕ್ಷಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಅದು ಊಹೆಯಲ್ಲ, ಗುಣಿಸಿ ಬಂದದ್ದು.

“250 ಅಂತ ಯಾರು ಹೇಳಿದ್ದು ಮಾರಾಯ?”

“ಮಾವನ ಹೋಟೆಲಲ್ಲಿ ಬಿಲ್ ಎಣಿಸಿದೆ ಸರ್. ಇಲ್ಲಿ ಮೆಟ್ರೋ ಜನವೂ ಉಂಟಲ್ಲ.”

ಮೆಟ್ರೋ ಜನದ ಮೇಲೆ ನನಗಂತೂ ಭರವಸೆಯಿಲ್ಲ. 2014ರ ಜೂನ್‌ನಿಂದ ವರ್ಸೋವಾ ಮೆಟ್ರೋ ಇಲ್ಲಿಗೆ ಬರುತ್ತಿದೆ, ನಿಜ. ಆದರೆ ಅದರಿಂದ ಇಳಿದವರು ಲೋಕಲ್ ಹಿಡಿಯಲು ಓಡುತ್ತಾರೆಯೇ ಹೊರತು ದೋಸೆಗೆ ಕೂರುವುದಿಲ್ಲ. ಕೊನೆಗೆ ಗಿರಾಕಿ ಮೊದಲ ವರ್ಷಕ್ಕೆ 150, ಎರಡನೆಯದಕ್ಕೆ 200 ಎಂದಾಯಿತು. 80 ರೂಪಾಯಿಯೊಳಗೆ ಶೇ 5 ಜಿಎಸ್‌ಟಿ ಅಡಗಿತ್ತು, ಅದನ್ನು ತೆಗೆದರೆ ಮಾರಾಟ 76. ಶೇ 10 ಏರಿಕೆಯನ್ನೂ ಒಡೆಯಬೇಕಾಯಿತು: ದರ ಏರುವುದು ಬೇರೆ, ಜನ ಹೆಚ್ಚುವುದು ಬೇರೆ. ದರ ಎರಡನೇ ವರ್ಷಕ್ಕೆ ಜಿಎಸ್‌ಟಿ ಬಿಟ್ಟು 80 ಎಂದಾಯಿತು. ಜನ ಹೆಚ್ಚಲು 24 ಕುರ್ಚಿಯ ಮಿತಿಯಿದೆ.

ನನ್ನನ್ನು ಹಿಡಿದು ಕೂರಿಸಿದ್ದು ಬಾಡಿಗೆಯ ಸಾಲು. ಬ್ಯಾಂಕಿನ ವರ್ಷ ಏಪ್ರಿಲ್‌ನಿಂದ ಮಾರ್ಚ್, ಹೋಟೆಲು ತೆರೆಯುವುದು ಸೆಪ್ಟೆಂಬರ್ ಒಂದಕ್ಕೆ. ಹಾಗಾಗಿ ‘ಮೊದಲ ವರ್ಷ’ ಎಂದರೆ ಏಳೇ ತಿಂಗಳು. ಅದರ ಬಾಗಿಲಲ್ಲೇ, ಜೈನರು ತುಂಬಿದ ಈ ಬಡಾವಣೆಯಲ್ಲಿ, ಪರ್ಯೂಷಣದ ಉಪವಾಸದ ದಿನಗಳೂ ಬರಬಹುದು. ತಿಂಗಳಿಗೆ 90 ಸಾವಿರ ಬಾಡಿಗೆ, ಕರಾರಿನಂತೆ ವರ್ಷ ತುಂಬಿದಾಗ ಶೇ 10 ಏರಿಕೆ. ಹುಡುಗ ಎರಡನೇ ವರ್ಷಕ್ಕೆ 99 ಸಾವಿರವನ್ನು 12ರಿಂದ ಗುಣಿಸಿ 11.88 ಲಕ್ಷ ಬರೆದಿದ್ದ. ಆದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹಳೆಯ ಬಾಡಿಗೆಯೇ ನಡೆಯುತ್ತದೆ. ಐದು ತಿಂಗಳು ಹಳೆಯದು, ಏಳು ತಿಂಗಳು ಹೊಸದು, ಒಟ್ಟು 11.43 ಲಕ್ಷ. ಸೂತ್ರ ಹೀಗೆ:

```
=B9*B10 + B9*(1+B11)*(12-B10)
```

B9 ಈಗಿನ ಬಾಡಿಗೆ, B10 ಹಳೆಯ ದರದ ತಿಂಗಳುಗಳು, B11 ಏರಿಕೆ. 90000 ಎಂದಾಗಲಿ 5 ಎಂದಾಗಲಿ ಸೂತ್ರದೊಳಗೆ ಬರೆಯುವಂತಿಲ್ಲ. ಹೋಟೆಲು ನವೆಂಬರಿಗೆ ತೆರೆದರೆ B10 ಬದಲಿಸಿದರೆ ಸಾಕು. ಅಂಕಿ ಸೂತ್ರದೊಳಗೆ ಕೂತಿದೆಯೇ ಎಂದು ತಿಳಿಯಲು ಲೆಕ್ಕಪರಿಶೋಧಕರು ಊಹೆಯೊಂದನ್ನು ಸೊನ್ನೆ ಮಾಡಿ ನೋಡುತ್ತಾರೆ. ಅದರ ಸಾಲು ಅಲುಗದಿದ್ದರೆ ಕಳ್ಳ ಒಳಗಿದ್ದಾನೆ.

ಅಂದು ಸಂಜೆ ಎರಡು ವರ್ಷದ ಹಾಳೆ ಹೀಗೆ ನಿಂತಿತು (ಲಕ್ಷ ರೂ.):

| | 7 ತಿಂಗಳು | 2ನೇ ವರ್ಷ |
|---|---|---|
| ಮಾರಾಟ | 23.94 | 57.60 |
| ದಿನಸಿ, ತರಕಾರಿ, ಹಾಲು (ಶೇ 38) | 9.10 | 21.89 |
| ಆರು ಜನರ ಸಂಬಳ | 7.56 | 14.00 |
| ಬಾಡಿಗೆ | 6.30 | 11.43 |
| ಗ್ಯಾಸ್, ಕರೆಂಟ್, ಇತರೆ | 2.80 | 5.04 |
| ಉಳಿಕೆ | −1.82 | 5.24 |
| ಸಾಲದ ಕಂತು (ಶೇ 11, 5 ವರ್ಷ) | 1.83 | 3.13 |

ಎರಡನೇ ವರ್ಷದ ಉಳಿಕೆ ಕಂತಿನ ಒಂದೂವರೆ ಪಟ್ಟಿಗಿಂತ ಹೆಚ್ಚು. ಹುಡುಗನ ಮುಖ ಅರಳಿತು. ಆಗ ಅವರು ಕೇಳಿದರು, “ಮನೆಗೆ ತಿಂಗಳಿಗೆ ಎಷ್ಟು ಬೇಕು?” ಪ್ಯಾರಾದಲ್ಲಿ ಆ ಮಾತೇ ಇರಲಿಲ್ಲ. “ನಲವತ್ತು ಸಾವಿರ,” ಎಂದ. ವರ್ಷಕ್ಕೆ 4.80 ಲಕ್ಷ, ಕಂತು ಕಟ್ಟಿ ಕೈಯಲ್ಲುಳಿಯುವುದು 2.11.

ಮಾಲೀಕನ ಖರ್ಚು ಲಾಭನಷ್ಟದ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕೇ ಇಂಥ ಫೈಲುಗಳಲ್ಲಿ ಅದು ಕಣ್ತಪ್ಪುತ್ತದೆ. ಅವರು ಕಂತಿನ ಕೆಳಗೆ ‘ಮನೆ’ ಎಂದು ಇನ್ನೊಂದು ಸಾಲು ಸೇರಿಸಿದರು. ಹುಡುಗ ಯೋಚಿಸಿ, ಗಲ್ಲಾದಲ್ಲಿ ತಾನೇ ಕೂರುತ್ತೇನೆ, ಕ್ಯಾಶಿಯರ್ ಬೇಡ ಎಂದ. ಆರು ಜನರಿದ್ದ ಕೋಶದಲ್ಲಿ ಐದು ಬಿತ್ತು. ಎರಡನೇ ವರ್ಷದ ಸಂಬಳದಲ್ಲಿ 2.33 ಲಕ್ಷ ಉಳಿಯಿತು, ಮನೆಗೆ ತಿಂಗಳಿಗೆ 37 ಸಾವಿರ ಸಿಗುವಂತಾಯಿತು. ಮೊದಲ ಏಳು ತಿಂಗಳು ಮಾತ್ರ ಆಗಲೂ ಕೆಂಪಿನಲ್ಲೇ ಉಳಿದವು: ಕಂತು ಸೇರಿ 2.39 ಲಕ್ಷ ಕೊರತೆ, ಮನೆಯ ಖರ್ಚು ಬೇರೆ. ಆ ಕೊರತೆಯನ್ನು ಗ್ರೈಂಡರ್, ಕುರ್ಚಿ, ಠೇವಣಿಗಳ ಸಾಲಿನಲ್ಲಿ ಯೋಜನಾ ವೆಚ್ಚಕ್ಕೇ ಸೇರಿಸಿ, ಆರಂಭದ ಆರು ತಿಂಗಳು ಅಸಲಿಗೆ ವಿನಾಯಿತಿ ಕೇಳುವ ಅರ್ಜಿಯನ್ನು ಅವರು ಬರೆಯತೊಡಗಿದರು.