ಎರಡು ತಿಂಗಳ ಉದ್ರಿ ಎಂದರೆ ಯಾವ ತಾರೀಖು?

ಸಗಟು ವ್ಯಾಪಾರದಲ್ಲಿ ಉದ್ರಿಯ ಮಾತು ಹೆಚ್ಚಾಗಿ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ‘ಬಿಲ್ಲಿನ ತಿಂಗಳು ಬಿಟ್ಟು, ಎರಡನೇ ತಿಂಗಳ ಕೊನೆಗೆ ದುಡ್ಡು’ ಎಂದರೆ ಇಬ್ಬರಿಗೂ ಅರ್ಥವಾಗುತ್ತದೆ. ಅದನ್ನು ಎಕ್ಸೆಲ್‌ಗೆ ಹಾಕುವಾಗ ಮಾತ್ರ ಹಲವರು ಬಿಲ್ ದಿನಾಂಕಕ್ಕೆ 60 ಕೂಡಿಸಿ ಸುಮ್ಮನಾಗುತ್ತಾರೆ. ತಿಂಗಳುಗಳು ಒಂದೇ ಉದ್ದ ಇಲ್ಲದಿರುವುದರಿಂದ ಆ ಲೆಕ್ಕ ಹಳಿ ತಪ್ಪುತ್ತದೆ.

ಸ್ಟೇಷನರಿ ಅಂಗಡಿಯೊಂದರ ಎರಡು ಬಿಲ್ ನೋಡೋಣ. ಒಂದು 2025ರ ಡಿಸೆಂಬರ್ 18ರದು, ಇನ್ನೊಂದು ಡಿಸೆಂಬರ್ 31ರದು. ಮಾತಿನ ಪ್ರಕಾರ ಎರಡಕ್ಕೂ ಗಡುವು ಫೆಬ್ರವರಿ ಕೊನೆ. 60 ಕೂಡಿಸಿದರೆ ಮೊದಲನೆಯದು ಫೆಬ್ರವರಿ 16ಕ್ಕೇ ಬಾಕಿಯಾಗುತ್ತದೆ, ಎರಡನೆಯದು ಮಾರ್ಚ್ 1ಕ್ಕೆ ಜಿಗಿಯುತ್ತದೆ. ಬಿಲ್ ದಿನಾಂಕ B ಕಾಲಮಿನಲ್ಲಿದ್ದರೆ ಬರೆಯಬೇಕಾದದ್ದು ಇಷ್ಟೇ:

```
=EOMONTH(B2,2)
```

ಯಾವ ದಿನಾಂಕದಿಂದ ಹೊರಡಬೇಕು, ಎಷ್ಟು ತಿಂಗಳು ಮುಂದೆ ಹೋಗಬೇಕು ಎಂದಷ್ಟೇ ಇದಕ್ಕೆ ಹೇಳುತ್ತೇವೆ. ಹೊರಟದ್ದು 18ರಿಂದಲೋ 31ರಿಂದಲೋ ಎಂಬುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿಂಗಳನ್ನಷ್ಟೇ ನೋಡಿ, ಅಲ್ಲಿಂದ ಎರಡನೇ ತಿಂಗಳ ಕೊನೆಯ ದಿನವನ್ನು ಕೊಡುತ್ತದೆ. ಎರಡೂ ಬಿಲ್ಲಿಗೆ 2026ರ ಫೆಬ್ರವರಿ 28 ಬರುತ್ತದೆ. ಅಧಿಕ ವರ್ಷವಾಗಿದ್ದರೆ 29 ಬರುತ್ತಿತ್ತು, ಫಾರ್ಮುಲಾ ಮುಟ್ಟಬೇಕಿಲ್ಲ. ತಿಂಗಳ ಜಾಗದಲ್ಲಿ 0 ಕೊಟ್ಟರೆ ಅದೇ ತಿಂಗಳ ಕೊನೆ, -1 ಕೊಟ್ಟರೆ ಹಿಂದಿನ ತಿಂಗಳ ಕೊನೆ.

ಮೊದಲ ಸಲ ಎಂಟರ್ ಒತ್ತಿದಾಗ ತಾರೀಖಿನ ಬದಲು 46081 ಎಂಬ ಸಂಖ್ಯೆ ಕಾಣಿಸಬಹುದು. ಹೆದರಬೇಡಿ, ಉತ್ತರ ಸರಿಯಾಗಿಯೇ ಇದೆ. ಎಕ್ಸೆಲ್ 1900ರ ಜನವರಿ 1ನ್ನು 1 ಎಂದಿಟ್ಟುಕೊಂಡು ದಿನಗಳನ್ನು ಎಣಿಸುತ್ತಾ ಬರುತ್ತದೆ, ಆ ಎಣಿಕೆಯೇ ಇದು. Ctrl+1 ಒತ್ತಿ Date ಆರಿಸಿದರೆ ತಾರೀಖಾಗಿ ಕಾಣುತ್ತದೆ.

ನಿಜವಾಗಿ ಹೆದರಬೇಕಾದದ್ದು ತಪ್ಪು ಎಂದು ತೋರಿಸಿಕೊಳ್ಳದ ತಪ್ಪಿಗೆ. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಇಳಿಸಿಕೊಂಡ ಪಟ್ಟಿಯಲ್ಲಿ ದಿನಾಂಕ 05/01/2026 ಎಂದಿದೆ ಎನ್ನಿ. ನಮಗೆ ಅದು ಜನವರಿ 5. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ಅದಕ್ಕೆ ಮೇ 1. ಗಡುವು ಮಾರ್ಚ್ 31ರ ಬದಲು ಜುಲೈ 31 ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅದೇ ಪಟ್ಟಿಯ 18/01/2026ಕ್ಕೆ ಮಾತ್ರ 18ನೇ ತಿಂಗಳು ಸಿಗದೆ ಅದು ಬರೀ ಅಕ್ಷರಗಳಾಗಿ ಉಳಿಯುತ್ತದೆ, ಫಾರ್ಮುಲಾ #VALUE! ಎನ್ನುತ್ತದೆ. ಗುರುತು ಹಿಡಿಯುವುದು ಸುಲಭ: ನೀವಾಗಿ ಜೋಡಣೆ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್ಲಿನ ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. ಒಂದೇ ಕಾಲಮಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಬಲಕ್ಕಿರುವವನ್ನೂ ನಂಬಬೇಡಿ. ದೋಷ ತೋರಿಸಿದ ಸಾಲುಗಳನ್ನಷ್ಟೇ ತಿದ್ದಿ ಮುಂದೆ ಹೋಗುವವರು ಮೋಸಹೋಗುವುದು ಇಲ್ಲೇ.

ಗಡುವು ರಜೆಯ ದಿನ ಬಿದ್ದರೆ ಏನು ಮಾಡಬೇಕೆಂಬುದು EOMONTHಗೆ ಗೊತ್ತಿಲ್ಲ. ನಮ್ಮ ಫೆಬ್ರವರಿ 28 ಶನಿವಾರ, ಅದೂ ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಹಿಂದಿನ ಕೆಲಸದ ದಿನಕ್ಕೆ ತರಬೇಕಾದರೆ ಹೀಗೆ:

```
=WORKDAY(EOMONTH(B2,2)+1,-1)
```

ತಿಂಗಳ ಕೊನೆಗೆ ಒಂದು ದಿನ ಕೂಡಿಸಿ, ಅಲ್ಲಿಂದ ಒಂದು ಕೆಲಸದ ದಿನ ಹಿಂದಕ್ಕೆ ಬಂದರೆ ಶುಕ್ರವಾರ, 27 ಸಿಗುತ್ತದೆ. ಆದರೆ WORKDAYಗೆ ಎಲ್ಲಾ ಶನಿವಾರಗಳೂ ರಜೆಯೇ. ಒಂದನೇ, ಮೂರನೇ ಶನಿವಾರ ತೆರೆದಿರುವ ನಮ್ಮ ಬ್ಯಾಂಕುಗಳ ಪದ್ಧತಿ ಅದಕ್ಕೆ ತಿಳಿಯದು. ಹಬ್ಬದ ರಜೆಗಳನ್ನೂ ಬೇರೆ ಪಟ್ಟಿಯಾಗಿ ನಾವೇ ಕೊಡಬೇಕು.

ತಿಂಗಳ ಕೊನೆಗೇ ಕಟ್ಟುವ ಕಂತುಗಳ ಪಟ್ಟಿಯಲ್ಲೂ ಇದೇ ಫಾರ್ಮುಲಾ ಕೈಹಿಡಿಯುತ್ತದೆ. ಇದರ ಜೊತೆಗಾರ EDATE, ಅಷ್ಟು ತಿಂಗಳ ನಂತರದ ಅದೇ ತಾರೀಖನ್ನು ಕೊಡುವಂಥದು. ಆ ತಾರೀಖು ಇಲ್ಲದ ತಿಂಗಳಲ್ಲಿ ಕೊನೆಯ ದಿನಕ್ಕೆ ನಿಲ್ಲುತ್ತದೆ. ಜನವರಿ 31ರಿಂದ ಶುರುಮಾಡಿ ಪ್ರತಿ ಸಾಲಿನಲ್ಲೂ ಮೇಲಿನ ಸಾಲಿಗೆ ಒಂದು ತಿಂಗಳು ಕೂಡಿಸುತ್ತಾ ಹೋದರೆ ಫೆಬ್ರವರಿ 28 ಬರುತ್ತದೆ, ಆಮೇಲೆ ಮಾರ್ಚ್ 28, ಏಪ್ರಿಲ್ 28. ಒಮ್ಮೆ ಇಳಿದದ್ದು ಮತ್ತೆ ಮೇಲೇರುವುದಿಲ್ಲ. EOMONTH ಬಳಸಿದರೆ ಮಾರ್ಚ್ 31, ಏಪ್ರಿಲ್ 30 ಎಂದು ಸರಿಯಾಗಿ ನಡೆಯುತ್ತದೆ. ಕಂತು ಪ್ರತಿ ತಿಂಗಳ 30ಕ್ಕೆ ಎಂದಿದ್ದರೆ ಮಾತ್ರ EDATE ಬೇಕು. ಆಗ ಮೇಲಿನ ಸಾಲಿನಿಂದ ಎಣಿಸದೆ, ಮೊದಲ ದಿನಾಂಕದ ಸೆಲ್ಲನ್ನೇ $B$2 ಎಂದು ಕಟ್ಟಿಹಾಕಿ, ಅಲ್ಲಿಂದಲೇ 1, 2, 3 ತಿಂಗಳು ಎಣಿಸಬೇಕು.