ತಕ್ಕಡಿಗೆ ಸಿಕ್ಕಿದ್ದನ್ನಷ್ಟೇ ಹೇಳುವ ಕಸದ ಸರಣಿ

ಇನ್‌ಸ್ಟಾಗ್ರಾಂನಲ್ಲಿ ಬೆರಳಿಂದ ಸರಿಸುತ್ತಾ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರೆ. ಮನೆಯ ಕಸ ಇಳಿಸುವ ಬಗೆಯನ್ನು ಹೇಳಲು ಇದು ಒಳ್ಳೆಯ ದಾರಿ. ವಾರಕ್ಕೊಂದು ಚಿತ್ರ, ಚಿತ್ರಕ್ಕೊಂದು ಕೆಲಸ, ಕೆಲಸಕ್ಕೊಂದು ಅಳತೆ. ‘ಭೂಮಿ ಉಳಿಸಿದೆವು’ ಎಂಬಂಥ ಮಾತಿಗೆ ಅಲ್ಲಿ ಜಾಗವಿರಬಾರದು.

ಮೊದಲ ವಾರ ಏನನ್ನೂ ಬದಲಿಸಬೇಡಿ, ತೂಗಿ ಬರೆದಿಡಿ, ಅಷ್ಟೇ. ಸೂಟ್‌ಕೇಸ್ ತೂಗುವ ಕೈತಕ್ಕಡಿ ಸಾಕು. ಹಸಿ ಕಸ, ಒಣ ಕಸ ಬೇರೆ ಬೇರೆ ತೂಗಬೇಕು. ಅನ್ನ, ಸಾರು, ಪಲ್ಯ ಮಿಕ್ಕು ಎಸೆದದ್ದಕ್ಕೆ ಇನ್ನೊಂದು ಡಬ್ಬಿ ಇರಲಿ. ನಾಲ್ಕು ಜನರ ಒಂದು ಮನೆಯಲ್ಲಿ ವಾರಕ್ಕೆ 6 ಕಿಲೋ ಹಸಿ ಕಸ, ಅದರಲ್ಲಿ 1.4 ಕಿಲೋ ಮಿಕ್ಕ ಅಡುಗೆ ಎಂದಿಟ್ಟುಕೊಳ್ಳೋಣ.

ಎರಡನೇ ವಾರ ಅಕ್ಕಿಯನ್ನು ಪಾವಿನಲ್ಲಿ ಅಳೆದು ಹಾಕಿದರು. ಮಿಕ್ಕ ಅಡುಗೆ 600 ಗ್ರಾಂಗೆ ಇಳಿಯಿತು. ಆದರೆ ಅದೇ ವಾರ ಕಲ್ಲಂಗಡಿ ತಂದಿದ್ದರು, ಸಿಪ್ಪೆಯೇ ಒಂದೂವರೆ ಕಿಲೋ. ಒಟ್ಟು ಹಸಿ ಕಸ 6.7 ಕಿಲೋ ಆಯಿತು! ಒಟ್ಟು ತೂಕವನ್ನೊಂದೇ ನೋಡಿದ್ದರೆ ಪ್ರಯತ್ನ ಸೋತಿತೆಂದು ಕೈಬಿಡುತ್ತಿದ್ದರು. ಆದ್ದರಿಂದ ಯಾವ ಅಭ್ಯಾಸ ಬದಲಿಸಿದ್ದೀರೋ ಅದನ್ನೇ ಪ್ರತ್ಯೇಕವಾಗಿ ತೂಗಬೇಕು. ಕಲ್ಲಂಗಡಿಯ ವಿಷಯವೂ ಚಿತ್ರದಲ್ಲಿರಲಿ.

ಮೂರನೇ ವಾರದ್ದು ಹಾಲಿನ ಪ್ಯಾಕೆಟ್. ದಿನಕ್ಕೆ ಎರಡು ಅರ್ಧ ಲೀಟರ್ ಬದಲು ಒಂದು ಲೀಟರಿನ ಪ್ಯಾಕೆಟ್ ತಂದರೆ ವಾರದ 14 ಪ್ಯಾಕೆಟ್ 7 ಆಗುತ್ತವೆ. ಹಾಗೆಂದು ‘ಪ್ಲಾಸ್ಟಿಕ್ ಅರ್ಧಕ್ಕೆ ಇಳಿಯಿತು’ ಎಂದು ಬರೆದರೆ ತಪ್ಪು. ದೊಡ್ಡ ಪ್ಯಾಕೆಟ್‌ಗೆ ಹಾಳೆಯೂ ಹೆಚ್ಚು ಬೇಕು. ಎರಡು ಬಗೆಯವನ್ನೂ ತೊಳೆದು ಒಣಗಿಸಿ ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿದ ಮೇಲಷ್ಟೇ ಗ್ರಾಂ ಲೆಕ್ಕ ಹೇಳಬಹುದು. ಅಲ್ಲಿಯವರೆಗೆ ‘7 ಪ್ಯಾಕೆಟ್ ಕಡಿಮೆ’ ಎಂದರೆ ಸಾಕು.

ನಾಲ್ಕನೇ ವಾರ ಗೊಬ್ಬರದ ಮಡಕೆ. ಜನ ಹೆಚ್ಚು ಎಡವುವುದು ಇಲ್ಲೇ. ಮಡಕೆಗೆ ಹಾಕಿದ 5 ಕಿಲೋ ‘ಇಲ್ಲವಾದ ಕಸ’ ಅಲ್ಲ, ಕಸದ ಗಾಡಿಗೆ ಕೊಡದೆ ಮನೆಯಲ್ಲೇ ಉಳಿಸಿಕೊಂಡ ಕಸ. ಅದಕ್ಕೆ ಬೇರೆ ಸಾಲು ಬೇಕು. ಕೊಳೆತ ನಾತ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ. ಒಣ ಎಲೆ ಬೆರೆಸಿ ಕೆದಕಿ. ‘ಗೊಬ್ಬರವಾಗುವ ಚೀಲ’ ಎಂದು ಮಾರುವುದನ್ನು ಇದಕ್ಕೆ ಹಾಕಬೇಡಿ. ಅಂಥವುಗಳಲ್ಲಿ ಬಹಳಷ್ಟಕ್ಕೆ ದೊಡ್ಡ ಘಟಕಗಳ ಬಿಸಿ ಬೇಕು.

‘ಪರಿಸರಸ್ನೇಹಿ’ ಎಂದು ಜಾಹೀರಾತು ಕೊಡುವವರು ಆಧಾರ ತೋರಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದು ವ್ಯಾಪಾರದವರಿಗೆ ಹೇಳಿದ ಮಾತು, ಆದರೂ ನಮ್ಮ ಚಿತ್ರಗಳಿಗೂ ಅದೇ ಅಳತೆ ಇರಲಿ ಎಂಬುದು ನನ್ನ ಆಸೆ. ಕೊನೆಯ ಚಿತ್ರದಲ್ಲಿ ಇಷ್ಟು ಬರೆಯಿರಿ: ‘ನಾಲ್ಕು ಜನ, ನಾಲ್ಕು ವಾರ. ಮಿಕ್ಕ ಅಡುಗೆ ವಾರಕ್ಕೆ 800 ಗ್ರಾಂ ಇಳಿದಿದೆ. ಹಾಲಿನ ಪ್ಯಾಕೆಟ್ 7 ಕಡಿಮೆ, ತೂಕ ನೋಡಿಲ್ಲ. ಮಡಕೆಗೆ 5 ಕಿಲೋ. ಹಲಸಿನ ಕಾಲದಲ್ಲಿ ಮತ್ತೆ ತೂಗುತ್ತೇವೆ.’